ಗಾರ್ಡಿಯನ್ ಆದರೆ ಮಗನ ಪಾಲಿನ ತೋಟ ಮಾರಬಹುದಾ?

"ಮಗನಿಗೆ ಹದಿನೆಂಟು ತುಂಬಿತು, ಬುದ್ಧಿ ಬೆಳೆದಿಲ್ಲ. ಹೆತ್ತ ತಾಯಿ ನಾನೇ ಮತ್ತೆ ಗಾರ್ಡಿಯನ್ ಆಗಬೇಕಾ? ಆದರೆ ಅವನ ಪಾಲು ಮಾರಬಹುದಾ?"

ಆಗಬೇಕು. ಹದಿನೆಂಟಾದ ಮೇಲೆ ಬ್ಯಾಂಕು, ಸಬ್ ರಿಜಿಸ್ಟ್ರಾರ್ ಎಲ್ಲರಿಗೂ ಅವನು ವಯಸ್ಕ. ತಾಯಿ ಅನ್ನುವ ಕಾರಣಕ್ಕೆ ನಿಮ್ಮ ಸಹಿ ಅವನ ಸಹಿಯಾಗುವುದಿಲ್ಲ. ಆದರೆ ಮಾರುವ ವಿಷಯ ಬೇರೆ.

ತೀರ್ಥಹಳ್ಳಿ ಕಡೆಯ ಒಂದು ಮನೆ ಅಂದುಕೊಳ್ಳಿ. ಅಪ್ಪ ತೀರಿಕೊಂಡಿದ್ದಾರೆ, ಅಡಿಕೆ ತೋಟದ ಪಹಣಿಯಲ್ಲಿ ಈಗ ಅಮ್ಮ ಮತ್ತು ಇಬ್ಬರು ಗಂಡುಮಕ್ಕಳ ಹೆಸರಿದೆ, ಕಿರಿಯವನಿಗೆ ಬೌದ್ಧಿಕ ಅಂಗವೈಕಲ್ಯ. ಇಂಥವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರ ಪ್ರಕಾರ ಶಿವಮೊಗ್ಗದ ಡಿಸಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಫಾರಂ ಎ ಕೊಡಬೇಕು, ಜೊತೆಗೆ ಅಂಗವೈಕಲ್ಯದ ಪ್ರಮಾಣಪತ್ರ. ಸಮಿತಿಯಲ್ಲಿ ಡಿಸಿ ಜೊತೆ ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯವಿರುವ ಒಬ್ಬರು ಇರುತ್ತಾರೆ. ಇವನಿಗೆ ಗಾರ್ಡಿಯನ್ ಬೇಕಾ, ಬೇಕಾದರೆ ಯಾವುದಕ್ಕೆ ಅಂತ ಅವರು ನೋಡಬೇಕು. ಹಾಗಾಗಿ ಅರ್ಜಿಯಲ್ಲಿ ಸುಮ್ನೆ "ಎಲ್ಲದಕ್ಕೂ" ಅಂತ ಬರೆಯಬೇಡಿ. ಬ್ಯಾಂಕ್ ಖಾತೆ, ಪಿಂಚಣಿ, ತೋಟದ ಫಸಲು, ಹೀಗೆ ಬಿಡಿಸಿ ಬರೆಯಿರಿ.

ಅಣ್ಣನನ್ನೇ ಮಾಡೋಣ ಅಂತ ಜಾಸ್ತಿ ಜನ ಹೇಳುತ್ತಾರೆ. ಈ ಮನೆಯಲ್ಲಿ ನಾನು ಬೇಡ ಅನ್ನುತ್ತೇನೆ, ಯಾಕಂದರೆ ನಾಳೆ ಪಾಲಾಗುವಾಗ ತನ್ನ ಪಾಲಿಗೂ ತಮ್ಮನ ಪಾಲಿಗೂ ಅವನೊಬ್ಬನೇ ಸಹಿ ಹಾಕುತ್ತಾನೆ, ತಮ್ಮನ ಪರ ಮಾತಾಡುವವರೇ ಇರುವುದಿಲ್ಲ. ಅಮ್ಮನೂ ಪಾಲುದಾರಳೇ ಅಲ್ವಾ, ಆದ್ದರಿಂದ ಪಾಲು ಮಾಡುವುದಿದ್ದರೆ ಪಾಲಿಲ್ಲದ ಸೋದರಮಾವನಂಥವರು ವಾಸಿ.

ಗಾರ್ಡಿಯನ್ ಆದವರು ಅವನ ಆರೈಕೆ ನೋಡಬೇಕು, ಆಸ್ತಿ ಕಾಯಬೇಕು. ತೋಟ ಚೇಣಿಗೆ ಕೊಟ್ಟರೆ ಅವನ ಪಾಲಿನ ದುಡ್ಡು ಅವನ ಖಾತೆಗೇ ಬರಲಿ, ಮನೆ ಖರ್ಚಿನಲ್ಲಿ ಕರಗಬಾರದು. ಮಾರುವ ಅಧಿಕಾರ ಅಂತ ಈ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಮಾರಲೇಬೇಕು ಅಂದರೆ ಕೋರ್ಟಿಗೆ ಹೋಗಿ ಅವನಿಗೇನು ಲಾಭ ಅಂತ ತೋರಿಸಿ ಅನುಮತಿ ಕೇಳಿ. ಅವನ ಹೆಸರಲ್ಲಿ ವಿಲ್ ಬರೆಯಲು, ವೋಟು ಹಾಕಲು ಗಾರ್ಡಿಯನ್‌ಗೆ ಬರುವುದಿಲ್ಲ. ಊಟ, ಬಟ್ಟೆ, ಯಾರ ಜೊತೆ ಇರಬೇಕು ಅನ್ನುವಲ್ಲಿ ಅವನ ಇಷ್ಟ ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗಾರ್ಡಿಯನ್ ಅವನ ಜೊತೆ ಸೇರಿ ನಿರ್ಧರಿಸಬೇಕು ಅನ್ನುತ್ತದೆ.

ಲೆಕ್ಕವನ್ನು ತುಂಬಾ ಜನ ಮರೆಯುತ್ತಾರೆ. ನೇಮಕವಾಗಿ 6 ತಿಂಗಳೊಳಗೆ ಅವನ ಆಸ್ತಿ, ಸಾಲದ ಪಟ್ಟಿಯನ್ನು ಗಾರ್ಡಿಯನ್ ಸಮಿತಿಗೆ ಕೊಡಬೇಕು. ಆಮೇಲೆ ಪ್ರತಿವರ್ಷ ಮಾರ್ಚ್ ಮುಗಿದು 3 ತಿಂಗಳೊಳಗೆ ಆಸ್ತಿಯ ಆದಾಯ, ಖರ್ಚಿನ ಲೆಕ್ಕ. ಅವನನ್ನು ಕಡೆಗಣಿಸಿದರೆ ಅಥವಾ ಆಸ್ತಿ ನುಂಗಿದರೆ ಗಾರ್ಡಿಯನ್‌ನನ್ನು ತೆಗೆಯಿರಿ ಅಂತ ಅಪ್ಪ ಅಮ್ಮ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಗೆ ಅರ್ಜಿ ಹಾಕಬಹುದು.

ಇನ್ನೊಂದು. ನಿಮ್ಮ ನಂತರ ಈ ಹೊಣೆ ತಾನಾಗಿ ಯಾರಿಗೂ ಹೋಗುವುದಿಲ್ಲ, ಮತ್ತೆ ಹೊಸ ಅರ್ಜಿಯೇ ಬೇಕು. ಅವನನ್ನು ನೋಡಿಕೊಳ್ಳುವವರು ಯಾರು ಅಂತ ಈಗಲೇ ಮಾತಾಡಿ ಒಪ್ಪಿಸಿ, ಅವರಿಗೆ ಕಾಗದಗಳನ್ನು ತೋರಿಸಿಡಿ.