ಕಂಪನಿ ಒಂದೇ, ಹುದ್ದೆ ನಾಲ್ಕು: ರೆಸ್ಯೂಮೆಯಲ್ಲಿ ಹೇಗೆ ಬರೆಯೋದು?

"ಏಳು ವರ್ಷ ಒಂದೇ ಕಂಪನಿಯಲ್ಲಿದ್ದೆ, ಮೂರು ಸಲ ಪ್ರಮೋಷನ್ ಆಯ್ತು. ರೆಸ್ಯೂಮೆಯಲ್ಲಿ ಕಂಪನಿ ಹೆಸರನ್ನು ನಾಲ್ಕು ಸಲ ಬರೆಯಬೇಕಾ, ಒಂದು ಸಲ ಸಾಕಾ?"

ಒಂದು ಸಲ ಸಾಕು. ರೆಸ್ಯೂಮೆಯನ್ನು ಮೊದಲ ಸಲ ನೋಡುವವರು ಓದುವುದಿಲ್ಲ, ಕಣ್ಣಾಡಿಸುತ್ತಾರೆ. ದಪ್ಪ ಅಕ್ಷರದ ಹೆಸರು, ಪಕ್ಕದ ತಾರೀಖು, ಅಷ್ಟೇ ಕಣ್ಣಿಗೆ ಬೀಳುವುದು. ನಾಲ್ಕು ಕಡೆ ಕಂಪನಿ ಹೆಸರು, ಪ್ರತಿ ಕಡೆ ಒಂದೆರಡು ವರ್ಷ ಅಂತ ಇದ್ದರೆ ಕೆಲಸ ಬದಲಿಸುತ್ತಲೇ ಇದ್ದವರ ಹಾಗೆ ಕಾಣುತ್ತದೆ. ಏಳು ವರ್ಷ ನಿಂತು ಮೇಲೆ ಬಂದಿದ್ದೀರಿ ಅನ್ನೋದೇ ಮರೆಯಾಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಗ್ರಾಹಕ ಸೇವಾ ವಿಭಾಗಕ್ಕೆ ಸೇರಿ ಮ್ಯಾನೇಜರ್ ಆದವರದ್ದು:

ಕಂಪನಿಯ ಹೆಸರು — ಜೂನ್ 2017 ರಿಂದ ಆಗಸ್ಟ್ 2024
ಸಪೋರ್ಟ್ ಮ್ಯಾನೇಜರ್ — ಜುಲೈ 2022 ರಿಂದ ಆಗಸ್ಟ್ 2024
ಟೀಮ್ ಲೀಡ್ — ಜನವರಿ 2020 ರಿಂದ ಜೂನ್ 2022
ಸೀನಿಯರ್ ಎಕ್ಸಿಕ್ಯುಟಿವ್ — ಏಪ್ರಿಲ್ 2019 ರಿಂದ ಡಿಸೆಂಬರ್ 2019
ಎಕ್ಸಿಕ್ಯುಟಿವ್ — ಜೂನ್ 2017 ರಿಂದ ಮಾರ್ಚ್ 2019

ಕಂಪನಿ ಸಾಲಿನಲ್ಲಿ ಒಟ್ಟು ಅವಧಿ. ಅದರ ಕೆಳಗೆ ಹುದ್ದೆಗಳು, ಇತ್ತೀಚಿನದ್ದು ಮೊದಲು, ಪ್ರತಿಯೊಂದಕ್ಕೂ ಅದರದ್ದೇ ತಾರೀಖು.

ಇಷ್ಟನ್ನು ಎಷ್ಟೋ ಜನ ಮಾಡುತ್ತಾರೆ. ಎಡವುವುದು ಹುದ್ದೆಯ ಕೆಳಗೆ ಬರೆಯುವ ಸಾಲುಗಳಲ್ಲಿ. "ಗ್ರಾಹಕರ ದೂರುಗಳನ್ನು ಬಗೆಹರಿಸಿದೆ" ಅನ್ನುವ ಒಂದೇ ಸಾಲು ಸ್ವಲ್ಪ ವೇಷ ಬದಲಿಸಿಕೊಂಡು ನಾಲ್ಕೂ ಕಡೆ ಕೂತಿರುತ್ತದೆ. ಹಾಗಿದ್ದರೆ ಪ್ರಮೋಷನ್ ಬರೀ ಹೆಸರಿಗೆ ಆದದ್ದು ಅನ್ನಿಸುವುದಿಲ್ವಾ? ಹುದ್ದೆಗಳ ಹೆಸರನ್ನು ಕೈಯಿಂದ ಮುಚ್ಚಿ, ಕೆಳಗಿನ ಸಾಲುಗಳನ್ನಷ್ಟೇ ಓದಿ ನೋಡಿ. ಯಾವುದು ಮೇಲಿನ ಹುದ್ದೆ ಅಂತ ಗೊತ್ತಾಗದಿದ್ದರೆ ಮತ್ತೆ ಬರೆಯಬೇಕು.

ನಾನು ಹೇಳುವುದು ಇಷ್ಟು: ಪ್ರತಿ ಹುದ್ದೆಯ ಮೊದಲ ಸಾಲು, ಹಿಂದಿನ ಹುದ್ದೆಯಲ್ಲಿ ಇಲ್ಲದ ಯಾವ ಹೊಣೆ ಇಲ್ಲಿ ಬಂತು ಅಂತ ಹೇಳಲಿ. ನಮ್ಮ ಉದಾಹರಣೆಯಲ್ಲಿ ಟೀಮ್ ಲೀಡ್ ಕೆಳಗೆ "ಎಂಟು ಜನರ ತಂಡ ನಡೆಸಿದೆ, ಶಿಫ್ಟ್ ಪಟ್ಟಿ, ಹೊಸಬರ ತರಬೇತಿ ನನ್ನದು." ಮ್ಯಾನೇಜರ್ ಕೆಳಗೆ "ಮೂರು ತಂಡ, 26 ಜನ. ನೇಮಕಾತಿ ಮತ್ತು ವಿಭಾಗದ ಬಜೆಟ್ ನನ್ನ ಕೈಯಲ್ಲಿ." ಎಂಟರಿಂದ 26ಕ್ಕೆ ಹೋದದ್ದು, ತರಬೇತಿಯಿಂದ ಬಜೆಟ್‌ಗೆ ಹೋದದ್ದು ಓದುವವರಿಗೆ ತಾನಾಗಿಯೇ ಕಾಣುತ್ತದೆ. "ಉತ್ತಮ ಕೆಲಸಕ್ಕಾಗಿ ಬಡ್ತಿ" ಅಂತ ಬೇರೆ ಬರೆಯಬೇಕಿಲ್ಲ.

ಎಕ್ಸಿಕ್ಯುಟಿವ್, ಸೀನಿಯರ್ ಎಕ್ಸಿಕ್ಯುಟಿವ್ ಎರಡರಲ್ಲೂ ಕೆಲಸ ಹೆಚ್ಚುಕಮ್ಮಿ ಒಂದೇ ಆಗಿತ್ತು ಅನ್ನಿ. ಆಗ ಎರಡು ಹುದ್ದೆಯ ಸಾಲನ್ನೂ ಒಂದರ ಕೆಳಗೊಂದು ಇಟ್ಟು, ಅವೆರಡಕ್ಕೂ ಸೇರಿಸಿ ಎರಡು ಸಾಲು ಬರೆದರೆ ಮುಗಿಯಿತು. ಹಳೇ ಹುದ್ದೆಗೆ ಜಾಗ ಕಡಿಮೆ, ಹೊಸದಕ್ಕೆ ಜಾಸ್ತಿ. ಎಲ್ಲಕ್ಕೂ ಸಮಸಮ ಹಂಚುವ ನ್ಯಾಯ ಇಲ್ಲಿ ಬೇಡ.

ಒಂದು ತೊಡಕಿದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕುವಾಗ ಎಷ್ಟೋ ಕಡೆ ಸಾಫ್ಟ್‌ವೇರ್ ನಿಮ್ಮ ರೆಸ್ಯೂಮೆಯನ್ನು ಓದಿ ಫಾರಂ ತುಂಬುತ್ತದೆ. ಅದು ಕಂಪನಿ, ಹುದ್ದೆ, ತಾರೀಖು ಮೂರನ್ನೂ ಜೋಡಿಯಾಗಿ ಹುಡುಕುತ್ತದೆ. ಕಂಪನಿ ಹೆಸರು ಒಂದೇ ಸಲ ಇದ್ದಾಗ ಕೆಲವೊಮ್ಮೆ ಮೇಲಿನ ಹುದ್ದೆಯನ್ನಷ್ಟೇ ಹಿಡಿದು, ಪೂರ್ತಿ ಏಳು ವರ್ಷವನ್ನೂ ಅದಕ್ಕೇ ಕೊಟ್ಟುಬಿಡುತ್ತದೆ. ಎರಡು ವರ್ಷದ ಮ್ಯಾನೇಜರ್ ಏಳು ವರ್ಷದ ಮ್ಯಾನೇಜರ್ ಆಗುತ್ತಾರೆ! ಕೇಳಲು ಚೆನ್ನಾಗಿದೆ, ಆದರೆ ಸಂದರ್ಶನದಲ್ಲಿ ಸುಳ್ಳು ಹೇಳಿದಂತಾಗುತ್ತದೆ. ಹಾಗಾಗಿ ಪ್ರತಿ ಹುದ್ದೆಗೂ ಬೇರೆ ಸಾಲು, ಅದೇ ಸಾಲಿನಲ್ಲಿ ಅದರ ತಾರೀಖು ಇರಲಿ, ಟೇಬಲ್ ಅಥವಾ ಎರಡು ಕಾಲಂ ಬೇಡ. ಅಪ್‌ಲೋಡ್ ಆದಮೇಲೆ ಫಾರಂ ತೆರೆದು ಒಂದೊಂದೇ ನೋಡಿ. ಆ ಫಾರಂನಲ್ಲಿ ಮಾತ್ರ ಕಂಪನಿ ಹೆಸರನ್ನು ನಾಲ್ಕು ಸಲ ಬರೆಯುವುದೇ ಸರಿ. ಅಲ್ಲಿ ಒಂದು ಹುದ್ದೆಗೆ ಒಂದು ಜಾಗ.

ಮಧ್ಯೆ ಕಂಪನಿ ಬಿಟ್ಟು ಮತ್ತೆ ಸೇರಿದ್ದರೆ ಒಂದೇ ಗುಂಪಿನಲ್ಲಿ ಹಾಕಬೇಡಿ. ಒಟ್ಟು ಅವಧಿ ಬರೆದರೆ ನಡುವಿನ ಬಿಡುವನ್ನು ಮುಚ್ಚಿಟ್ಟಂತೆ ಕಾಣುತ್ತದೆ. ಎರಡು ಬೇರೆ ನಮೂದು ಮಾಡಿ. ಕಂಪನಿಯ ಹೆಸರೇ ಬದಲಾಗಿದ್ದರೆ ಮಾತ್ರ ಗುಂಪು ಒಂದೇ, ಹೊಸ ಹೆಸರಿನ ಪಕ್ಕ ಹಳೆಯದು. ಇನ್ನು ಪುನರ್‌ರಚನೆಯಲ್ಲಿ ಹುದ್ದೆಯ ಹೆಸರಷ್ಟೇ ಬದಲಾಗಿದ್ದರೆ ಅದನ್ನು ಪ್ರಮೋಷನ್ ಅನ್ನಬೇಡಿ. ತಾರೀಖುಗಳನ್ನೂ ನೆನಪಿನಿಂದ ಬರೆಯಬೇಡಿ. ಮ್ಯಾನೇಜರ್ ಬಾಯಲ್ಲಿ ಹೇಳಿದ ದಿನ ಬೇರೆ, ಪ್ರಮೋಷನ್ ಪತ್ರದಲ್ಲಿ ಜಾರಿಗೆ ಬರುವ ದಿನ ಬೇರೆ. ಹಿಂದಿನ ಕೆಲಸದ ಪರಿಶೀಲನೆ ಮಾಡುವವರು ತಾಳೆ ನೋಡುವುದು ಎರಡನೆಯದನ್ನೇ.