ಹನ್ನೆರಡು ಮಂದಿಗೆ ಹನ್ನೊಂದು ಸೀಟು

ಕಾಲೇಜೊಂದರ ಪ್ರವೇಶ ಪರೀಕ್ಷೆ. ಅಭ್ಯರ್ಥಿಗಳು 400, ಲ್ಯಾಬಿನಲ್ಲಿ ಕಂಪ್ಯೂಟರ್ 60. ನಾಲ್ಕು ದಿನ, ದಿನಕ್ಕೆರಡರಂತೆ 8 ಪಾಳಿ. ಏಳು ಪಾಳಿ ಭರ್ತಿ ಮಾಡಿ ಕೊನೆಯದನ್ನು ಖಾಲಿ ಬಿಡೋಣ ಎಂಬ ಸಲಹೆ ಬಂದಿತ್ತು. ನಾವು ಒಪ್ಪಲಿಲ್ಲ. ಅಂಕಗಳನ್ನು ಪಾಳಿವಾರು ಪರ್ಸೆಂಟೈಲ್‌ಗೆ, ಅಂದರೆ ಆ ಪಾಳಿಯಲ್ಲಿ ನೂರಕ್ಕೆ ಎಷ್ಟು ಮಂದಿಯನ್ನು ಹಿಂದಿಕ್ಕಿದರು ಎಂಬ ಲೆಕ್ಕಕ್ಕೆ ತರುವಾಗ ಪ್ರತಿ ಪಾಳಿಯಲ್ಲೂ ಹೆಚ್ಚುಕಮ್ಮಿ ಒಂದೇ ಸಂಖ್ಯೆಯ, ಒಂದೇ ಮಟ್ಟದ ಮಂದಿ ಇರಬೇಕು. ಹಾಗಾಗಿ ಚೀಟಿ ಎತ್ತಿದಂತೆ ಹೆಸರುಗಳನ್ನು ಕಲಸಿ ಪಾಳಿಗೆ 50 ಜನರನ್ನು ಹಾಕಿದೆವು. ಉಳಿದ ಹತ್ತರಲ್ಲಿ ಆರು ಕಂಪ್ಯೂಟರ್ ಕೆಟ್ಟರೆ ಎಂದು ಮೀಸಲು, ನಾಲ್ಕು ಸೀಟು ಸ್ಲಾಟ್ ಬದಲಾವಣೆಗೆ.

ಅಂಗವಿಕಲ ಅಭ್ಯರ್ಥಿಗಳಿಗೆ ಮಾತ್ರ ಮೊದಲೇ ಮಧ್ಯಾಹ್ನದ ಪಾಳಿ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುವುದರಿಂದ ಎರಡು ಗಂಟೆಯ ಪರೀಕ್ಷೆ 2 ಗಂಟೆ 40 ನಿಮಿಷವಾಗುತ್ತದೆ. ಬೆಳಗಿನ ಪಾಳಿಯಲ್ಲಾದರೆ ಅವರು ಬರೆಯುತ್ತಿರುವಾಗಲೇ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ.

ಬದಲಾವಣೆ ಕೋರಿದವರು 13 ಮಂದಿ. "ಯಾವ ಸ್ಲಾಟ್ ಬೇಕು?" ಎಂದು ಕೇಳಲೇಬಾರದು, ಎಲ್ಲರಿಗೂ ಕೊನೆಯ ದಿನವೇ ಬೇಕಾಗಿಬಿಡುತ್ತದೆ. ಯಾವ ಪಾಳಿಗಳಿಗೆ ಬರಲಾಗದು, ಅದಕ್ಕೆ ದಾಖಲೆ ಏನು ಎಂದಷ್ಟೇ ಕೇಳಿದೆವು: ಬೇರೆ ಪರೀಕ್ಷೆಯ ಹಾಲ್ ಟಿಕೆಟ್, ಆಸ್ಪತ್ರೆಯ ಚೀಟಿ. ಅರ್ಜಿ ಮೊದಲು ಬಂತೆಂದು ಮೊದಲು ಕೊಟ್ಟರೆ ಇಂಟರ್ನೆಟ್ ನಿಧಾನವಿರುವ ಊರಿನವರಿಗೆ ಅನ್ಯಾಯ. ಯಾರಿಗೆ ಆಯ್ಕೆ ಕಡಿಮೆಯೋ ಅವರಿಗೆ ಮೊದಲು, ಸರಿಸಮವಿದ್ದರೆ ಚೀಟಿ ಎತ್ತುವುದು. ಒಬ್ಬ ಹುಡುಗಿಗೆ ನಾಲ್ಕನೇ ದಿನದ ಮಧ್ಯಾಹ್ನ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಆ ಸೀಟನ್ನು ಆರು ಪಾಳಿಗಳಲ್ಲಿ ಎಲ್ಲಿಯಾದರೂ ಕೂರಬಲ್ಲವನಿಗೆ ಕೊಟ್ಟಿದ್ದರೆ ಅವಳ ಪರೀಕ್ಷೆಯೇ ತಪ್ಪುತ್ತಿತ್ತು.

ಎರಡನೇ ದಿನ ಬೆಳಿಗ್ಗೆ, ಮೂರನೇ ಪಾಳಿ. ಲಾಗಿನ್ ಆಗುವಾಗಲೇ 24 ಪೋರ್ಟಿನ ಒಂದು ನೆಟ್‌ವರ್ಕ್ ಸ್ವಿಚ್ ಕೆಟ್ಟು, ಅದಕ್ಕೆ ಜೋಡಿಸಿದ್ದ 24 ಕಂಪ್ಯೂಟರ್‌ಗಳೂ ಸರ್ವರ್ ಸಂಪರ್ಕ ಕಳೆದುಕೊಂಡವು. ಉಳಿದದ್ದು 36. ಇಬ್ಬರು ಆಗಲೇ ಬೇರೆ ಪಾಳಿಗೆ ಹೋಗಿದ್ದರಿಂದ ಬಂದವರು 48. ಸೀಟು ಸಿಗದವರು 12. ಪ್ರಶ್ನೆಗಳು ಇನ್ನೂ ಪರದೆಗೆ ಬಂದಿರಲಿಲ್ಲ, ಅದೇ ಪುಣ್ಯ. ಬಂದಿದ್ದರೆ ಅವರು ಮುಂದೆ ಬರೆಯುವ ಪಾಳಿಯ ಪ್ರಶ್ನೆಪತ್ರಿಕೆ ಪೂರ್ತಿ ಬೇರೆಯದೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತಿತ್ತು.

ಮುಂದಿನ ಐದು ಪಾಳಿಯಲ್ಲಿ ಬದಲಾವಣೆಯ ಸೀಟು 20. ಇಲ್ಲೇ ಲೆಕ್ಕ ತಪ್ಪುವುದು. 13 ಕಳೆದು 7 ಎನ್ನಬಾರದು. ಆ ಹದಿಮೂರರಲ್ಲಿ ನಾಲ್ವರು ಈ ಐದು ಪಾಳಿಗಳ ಒಳಗೇ ಜಾಗ ಬದಲಿಸಿದವರು. ಒಂದು ಸೀಟು ಹಿಡಿದು ಇನ್ನೊಂದನ್ನು ಬಿಟ್ಟುಕೊಟ್ಟಿದ್ದಾರೆ. ಮೊದಲ ಮೂರು ಪಾಳಿಗಳಿಂದ ಮುಂದಕ್ಕೆ ಬಂದವರು ಒಂಬತ್ತೇ ಮಂದಿ. ಹಾಗಾಗಿ ಖಾಲಿ ಇದ್ದದ್ದು 11. ಗೈರುಹಾಜರಾದವರ ಸೀಟು ಸಿಗಬಹುದೆಂದು ನಂಬುವಂತಿಲ್ಲ, ಅದು ಗೇಟು ಮುಚ್ಚಿದ ಮೇಲಷ್ಟೇ ಗೊತ್ತಾಗುತ್ತದೆ. ಹನ್ನೆರಡನೆಯವರಿಗೆ ಕೊನೆಯ ಪಾಳಿಯ ಮೀಸಲಿನಿಂದ ಒಂದು ಕಂಪ್ಯೂಟರ್ ತೆಗೆದೆವು. ಅಲ್ಲಿ ಐದಾದರೂ ಉಳಿಯಿತು.

ತಪ್ಪು ಕೇಂದ್ರದ್ದಾದ್ದರಿಂದ ಇವರಲ್ಲಿ ದಾಖಲೆ ಕೇಳಲಿಲ್ಲ. ಅದೇ ಮಧ್ಯಾಹ್ನ ಬರೆಯಿರಿ ಎಂದು ಒತ್ತಾಯಿಸಲೂ ಇಲ್ಲ. ಹಳೆಯ ಹಾಲ್ ಟಿಕೆಟ್ ರದ್ದು ಮಾಡಿ ಹೊಸದನ್ನು ಅಲ್ಲೇ ಮುದ್ರಿಸಿ ಕೈಗೆ ಕೊಟ್ಟೆವು. ಪರ್ಸೆಂಟೈಲ್ ಲೆಕ್ಕಕ್ಕೆ ಅವರನ್ನು ಮೂರನೇ ಪಾಳಿಯಿಂದ ತೆಗೆದು, ಬರೆದ ಪಾಳಿಗೇ ಸೇರಿಸಿದೆವು.