ತಂಗಿಯ ಕೂದಲು: ಕೊನೆಗೂ ಕಿತ್ತಳೆ ಹೋಯ್ತು

ತಲೆಗೆ ಹಚ್ಚುವ ಮೊದಲು ಪರೀಕ್ಷಿಸೋಕೆ ಇಟ್ಟುಕೊಂಡ ಜೊಂಪೆಗಳಲ್ಲಿ ಮೂರನೆಯದನ್ನು ಈಗಷ್ಟೇ ಒಣಗಿಸಿ ಕಿಟಕಿ ಹತ್ತಿರ ಹಿಡಿದೆ. ಕಿತ್ತಳೆ ಇಲ್ಲ! ತಂಗಿ ಕೇಳಿದ್ದ ಲೆವೆಲ್ 7ರ ಬೂದುಗಂದು ಬಂದಿದೆ. ಲೆವೆಲ್ ಅಂದರೆ ಕೂದಲು ಎಷ್ಟು ಗಾಢ ಅನ್ನುವ ಅಳತೆ, ಅಂಕಿ ಏರಿದಷ್ಟೂ ಬಣ್ಣ ತಿಳಿ.

ಅವಳದು ಎಂದೂ ಬಣ್ಣ ಹಚ್ಚದ ಲೆವೆಲ್ 2ರ ಕೂದಲು. ಹೋದ ಸಲ ಟ್ರಿಮ್ ಮಾಡಿದಾಗ ಎತ್ತಿಟ್ಟ ತುದಿಗಳ ಮೇಲೆ ಮೊದಲು ಸಿಂಗಲ್ ಪ್ರೋಸೆಸ್, ಅಂದರೆ ಬ್ಲೀಚ್ ಇಲ್ಲದೆ ಒಂದೇ ಸಲ ಬಣ್ಣ ಹಚ್ಚುವುದು, ಮಾಡಿ ನೋಡಿದೆ. ಬೂದು ಛಾಯೆಯ 7 ಆ್ಯಶ್ ಬಣ್ಣ, ಅದಕ್ಕೆ ಬೆರೆಸುವ 30 ವಾಲ್ಯೂಮ್ ಡೆವಲಪರ್, 35 ನಿಮಿಷ. ವಾಲ್ಯೂಮ್ ಅಂದರೆ ಡೆವಲಪರಿನಲ್ಲಿರುವ ಪೆರಾಕ್ಸೈಡಿನ ಕಡುಪು. ಬಂದಿದ್ದು ಲೆವೆಲ್ 4ರ ಗಾಢ ಕಂದು, ಬಿಸಿಲಲ್ಲಿ ಕೆಂಪು ಮಿಂಚು. ಚೆನ್ನಾಗೇ ಇತ್ತು. ಎರಡು ಮೂರು ಲೆವೆಲ್ ಸಾಕು ಅನ್ನುವವರು ಇಲ್ಲೇ ನಿಲ್ಲಬಹುದು, ಕೂದಲಿಗೂ ಪೆಟ್ಟು ಕಡಿಮೆ. ತಂಗಿಗೆ ಐದು ಲೆವೆಲ್ ಏರಬೇಕಿತ್ತು, ಅಂದರೆ ಬ್ಲೀಚ್ ಆಗಲೇಬೇಕು.

ಎರಡನೇ ಜೊಂಪೆಗೆ ಒಂದು ಪಾಲು ಬ್ಲೀಚ್ ಪುಡಿ, ಎರಡು ಪಾಲು 20 ವಾಲ್ಯೂಮ್. (ಅಂಗಡಿಯವರು 20 ಕೇಳಿದರೆ 40 ಕಳಿಸಿದ್ದರು. ಬದಲಾಯಿಸೋಕೆ ಒಂಬತ್ತು ದಿನ ಹಿಡಿಯಿತು. ಬಾಟಲಿ ತೆರೆಯುವ ಮೊದಲು ಲೇಬಲ್ ಓದಿ, ದಯವಿಟ್ಟು.) 45 ನಿಮಿಷಕ್ಕೆ ಜೊಂಪೆ ತಾಮ್ರದ ಪಾತ್ರೆಯ ಬಣ್ಣಕ್ಕೆ ಬಂದು ನಿಂತಿತು. ಅದರ ಮೇಲೆ ಲೆವೆಲ್ 9ರ ನೇರಳೆ ಟೋನರ್ ಹಚ್ಚಿದೆ. ಇಪ್ಪತ್ತು ನಿಮಿಷ ಆದರೂ ಒಂದು ಚೂರೂ ಬದಲಾಗಲಿಲ್ಲ.

ಎರಡು ದಿನ ಟೋನರನ್ನೇ ಬೈದೆ. ತಪ್ಪು ಅದರದ್ದಲ್ಲ. ನೇರಳೆ ಹಳದಿಯನ್ನು ತಣಿಸುತ್ತದೆ, ಕಿತ್ತಳೆಗೆ ನೀಲಿ ಬೇಕು. ಜೊತೆಗೆ ಲೆವೆಲ್ 9ರ ಟೋನರ್ ತೀರಾ ತೆಳು, ಲೆವೆಲ್ 6ರ ಕಿತ್ತಳೆ ಮೇಲೆ ಅದು ಕಾಣುವುದೇ ಇಲ್ಲ. ಟೋನರ್ ಇರುವ ಬಣ್ಣವನ್ನು ತಿದ್ದುತ್ತದೆ ಅಷ್ಟೇ. ಕೂದಲನ್ನು ಇನ್ನಷ್ಟು ತಿಳಿ ಮಾಡುವ ಕೆಲಸ ಬ್ಲೀಚಿನದು.

ಮೂರನೇ ಜೊಂಪೆಗೆ ಅದೇ ಬ್ಲೀಚ್ ಹಾಕಿ, ತೊಳೆದು, ಒಣಗಿಸಿ, ಇನ್ನೊಂದು ಸುತ್ತು 25 ನಿಮಿಷ ಇಟ್ಟೆ. ನಡುನಡುವೆ ನಾಲ್ಕು ಎಳೆ ಒರೆಸಿ ನೋಡುತ್ತಿದ್ದೆ, ಬ್ಲೀಚ್ ಮೆತ್ತಿಕೊಂಡಿದ್ದರೆ ನಿಜವಾದ ಬಣ್ಣ ಗೊತ್ತಾಗಲ್ಲ ಅಲ್ವಾ. ಮಾಗಿದ ಮಾವಿನ ತಿರುಳಿನ ಕಿತ್ತಳೆ-ಹಳದಿ ಬಂದ ತಕ್ಷಣ ತೊಳೆದೆ. ಒದ್ದೆ ಎಳೆಯನ್ನು ಎಳೆದರೆ ಸ್ವಲ್ಪ ಹಿಗ್ಗಿ ವಾಪಸ್ ಬಂತು. ಅಂಟಂಟಾಗಿ ಉದ್ದಕ್ಕೆ ಎಳೆದುಕೊಂಡಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ. ಆಮೇಲೆ ನೀಲಿ ಬೇಸಿನ 7 ಆ್ಯಶ್ ಟೋನರ್, 10 ವಾಲ್ಯೂಮ್, 12 ನಿಮಿಷ.

ತಲೆ ಮೇಲೆ ಮಾಡುವಾಗ ಬುಡದಿಂದ ಒಂದು ಇಂಚು ಬಿಟ್ಟೇ ಶುರು ಮಾಡುತ್ತೇನೆ. ನೆತ್ತಿಯ ಬಿಸಿಗೆ ಬುಡ ಬೇಗ ತಿಳಿಯಾಗಿ ಪಟ್ಟಿ ಕಾಣುತ್ತದೆ. ಎರಡು ಸುತ್ತಿನ ನಡುವೆ ಎರಡು ವಾರ ಬಿಡುವು. ಆ ಎರಡು ವಾರ ಕಿತ್ತಳೆ ತಲೆಯಲ್ಲೇ ಓಡಾಡೋಕೆ ತಂಗಿ ಒಪ್ಪಿದ್ದಾಳೆ.

ಅಷ್ಟರಲ್ಲಿ ಅಮ್ಮನ ಸರದಿ. ಅವರ ಬಿಳಿ ಬುಡಕ್ಕೆ ಸಿಂಗಲ್ ಪ್ರೋಸೆಸ್ಸೇ ಸರಿ, 20 ವಾಲ್ಯೂಮಿನಲ್ಲಿ ಲೆವೆಲ್ 4ರ ನ್ಯಾಚುರಲ್. ಆದರೆ ಉದ್ದಕ್ಕೆಲ್ಲ ವರ್ಷಗಳ ಕಪ್ಪು ಡೈ ಇದೆ. ಹೊಸ ಕಂದು ಹಚ್ಚಿದರೆ ಹಳೇ ಕಪ್ಪು ಬಿಡಲ್ಲ. ಹಾಗಾಗಿ ಮೊದಲು ಆ ಉದ್ದದಿಂದ ಒಂದು ಜೊಂಪೆ ಕೇಳಬೇಕು.